ವಿದೇಶಿ ಓದಿನ ನಿಜವಾದ ವಾರ್ಷಿಕ ಖರ್ಚು ರೂಪಾಯಿಯಲ್ಲಿ ಎಷ್ಟು? ಬ್ರಿಟನ್ ಮತ್ತು ಜರ್ಮನಿಯ ಲೆಕ್ಕ, ಹಂತ ಹಂತವಾಗಿ

ಬ್ರಿಟನ್‌ನ ವಿಶ್ವವಿದ್ಯಾಲಯ ಫೀಸನ್ನು ಇಡೀ ವರ್ಷಕ್ಕೆ ಹೇಳುತ್ತದೆ, ಅಲ್ಲಿನ ಹಾಸ್ಟೆಲ್ ಬಾಡಿಗೆಯನ್ನು ವಾರಕ್ಕೆ ಹೇಳುತ್ತದೆ. ಜರ್ಮನಿಯಲ್ಲಿ ಫೀಸು ಸೆಮಿಸ್ಟರ್‌ಗೆ, ಬಾಡಿಗೆ ತಿಂಗಳಿಗೆ. ಅಮೆರಿಕದಲ್ಲಿ ಎಷ್ಟೋ ಕಡೆ ಫೀಸು ಕ್ರೆಡಿಟ್ ಲೆಕ್ಕದಲ್ಲಿ ಬರುತ್ತದೆ. ಈ ಅಂಕಿಗಳನ್ನೆಲ್ಲ ಗೂಗಲ್‌ನಲ್ಲಿ ಕಾಣುವ ದರಕ್ಕೆ ಗುಣಿಸಿ ಪಕ್ಕಪಕ್ಕ ಬರೆದರೆ ಹೋಲಿಕೆಯೇನೋ ಸಿಗುತ್ತದೆ, ಆದರೆ ಅದು ತಪ್ಪಿರುತ್ತದೆ. ತಪ್ಪು ಸಾಮಾನ್ಯವಾಗಿ ನಾಲ್ಕು ಕಡೆ ಆಗುತ್ತದೆ: ತಿಂಗಳುಗಳ ಎಣಿಕೆಯಲ್ಲಿ, ಒಂದೇ ದುಡ್ಡನ್ನು ಎರಡು ಸಲ ಕೂಡುವುದರಲ್ಲಿ, ವಿನಿಮಯ ದರದಲ್ಲಿ, ಮತ್ತು ಎರಡನೇ ವರ್ಷದ ಹೊತ್ತಿಗೆ ರೂಪಾಯಿ ಇಳಿದಿರುತ್ತದೆ ಎಂಬುದನ್ನು ಮರೆಯುವುದರಲ್ಲಿ.

ಇಲ್ಲಿ ಎರಡು ದಾರಿಗಳನ್ನು ಪೂರ್ತಿ ಲೆಕ್ಕ ಹಾಕಿ ತೋರಿಸಿದ್ದೇವೆ. ಒಂದು, ಲಂಡನ್ ಬಿಟ್ಟು ಇಂಗ್ಲೆಂಡಿನ ಬೇರೆ ಊರಿನಲ್ಲಿ ಒಂದು ವರ್ಷದ ಮಾಸ್ಟರ್ಸ್. ಇನ್ನೊಂದು, ಜರ್ಮನಿಯ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಮಾಸ್ಟರ್ಸ್. ಬೇರೆ ಯಾವ ದೇಶವನ್ನಾದರೂ ಇದೇ ಹಾಳೆಯಲ್ಲಿ ಮೂರನೇ ಕಾಲಂ ಆಗಿ ಸೇರಿಸಿಕೊಳ್ಳಬಹುದು.

ಹಂತ 1: ಎಲ್ಲವನ್ನೂ 12 ತಿಂಗಳಿಗೆ ತನ್ನಿ, ಆದರೆ ಅಲ್ಲಿನ ಹಣದಲ್ಲೇ

ರೂಪಾಯಿಗೆ ಬದಲಿಸುವ ಆತುರ ಬೇಡ. ಮೊದಲು ಪೌಂಡನ್ನು ಪೌಂಡಿನಲ್ಲೇ, ಯೂರೋವನ್ನು ಯೂರೋದಲ್ಲೇ ಇಟ್ಟುಕೊಂಡು ವರ್ಷದ ಮೊತ್ತ ತೆಗೆಯಿರಿ. ಹೀಗೆ ಮಾಡಿದರೆ ನಾಳೆ ದರ ಬದಲಾದಾಗ ಒಂದೇ ಒಂದು ಸಂಖ್ಯೆ ತಿದ್ದಿದರೆ ಸಾಕು, ಹಾಳೆಯೆಲ್ಲ ತಾನೇ ಸರಿಹೋಗುತ್ತದೆ.

ಬ್ರಿಟನ್‌ನ ವಾರದ ಬಾಡಿಗೆಯಲ್ಲಿ ಬಹಳ ಮಂದಿ ಎಡವುತ್ತಾರೆ. ವಾರಕ್ಕೆ 170 ಪೌಂಡ್ ಎಂದರೆ ನಾಲ್ಕರಿಂದ ಗುಣಿಸಿ ತಿಂಗಳಿಗೆ 680 ಎಂದು ಬರೆದುಕೊಳ್ಳುತ್ತಾರೆ. ವರ್ಷದಲ್ಲಿ 52 ವಾರ, 12 ತಿಂಗಳು. ಅಂದರೆ ತಿಂಗಳಿಗೆ 4.33 ವಾರ, ಬಾಡಿಗೆ ಸುಮಾರು 737 ಪೌಂಡ್. ವರ್ಷಕ್ಕೆ ಹತ್ತಿರ ಹತ್ತಿರ 680 ಪೌಂಡ್ ವ್ಯತ್ಯಾಸ ಬರುತ್ತದೆ, ಒಂದು ತಿಂಗಳ ಬಾಡಿಗೆಯೇ ಲೆಕ್ಕದಿಂದ ಬಿಟ್ಟುಹೋದಂತೆ. ಹಾಸ್ಟೆಲ್ ಕರಾರು ಎಷ್ಟು ವಾರದ್ದು ಎಂಬುದನ್ನೂ ನೋಡಬೇಕು. 44 ವಾರದ್ದೂ ಇರುತ್ತದೆ, 51 ವಾರದ್ದೂ ಇರುತ್ತದೆ. ಬ್ಯಾಚುಲರ್ಸ್ ಓದುವವರಿಗೆ 44 ವಾರ ಸಾಕಾಗಬಹುದು. ಮಾಸ್ಟರ್ಸ್‌ನವರು ಬೇಸಿಗೆಯಲ್ಲಿ ಡಿಸರ್ಟೇಶನ್ ಬರೆಯುತ್ತ ಅಲ್ಲೇ ಇರುತ್ತಾರೆ, ಅವರಿಗೆ 51 ವಾರದ ಕರಾರೇ ಬೇಕು. ನಮ್ಮ ಲೆಕ್ಕಕ್ಕೆ 170ನ್ನು 51ರಿಂದ ಗುಣಿಸಿದರೆ 8,670 ಪೌಂಡ್.

ಜರ್ಮನಿಯಲ್ಲಿ ತೊಡಕು ಬೇರೆ ಥರದ್ದು. ಅಲ್ಲಿ ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತವೆ: ಕಾಲ್ಟ್‌ಮೀಟೆ ಮತ್ತು ವಾರ್ಮ್‌ಮೀಟೆ. ಮೊದಲನೆಯದು ಬರೀ ಕೋಣೆಗೆ. ಎರಡನೆಯದರಲ್ಲಿ ಹೀಟಿಂಗ್, ನೀರು, ಕಸ ವಿಲೇವಾರಿ ಮುಂತಾದವು ಸೇರಿರುತ್ತವೆ. ಹೋಲಿಕೆಗೆ ಯಾವಾಗಲೂ ವಾರ್ಮ್‌ಮೀಟೆಯನ್ನೇ ಹಿಡಿಯಿರಿ. ಕರೆಂಟ್ ಮತ್ತು ಇಂಟರ್ನೆಟ್ ಅದರಲ್ಲಿ ಸೇರಿದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ.

ಕ್ರೆಡಿಟ್ ಲೆಕ್ಕದ ಫೀಸಿದ್ದರೆ ಪದವಿಗೆ ಬೇಕಾದ ಒಟ್ಟು ಕ್ರೆಡಿಟ್‌ಗಳಿಂದ ಗುಣಿಸಿ, ಎಷ್ಟು ಸೆಮಿಸ್ಟರ್‌ಗಳಲ್ಲಿ ಮುಗಿಸುತ್ತೀರೋ ಅಷ್ಟಕ್ಕೆ ಹಂಚಿ. ಒಂದು ಸೆಮಿಸ್ಟರ್‌ನ ಬಿಲ್ಲನ್ನು ಎರಡರಿಂದ ಗುಣಿಸುವುದು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಪ್ರತಿ ಸೆಮಿಸ್ಟರ್‌ಗೂ ಒಂದೇ ಸಂಖ್ಯೆಯ ಕ್ರೆಡಿಟ್ ಇರಬೇಕೆಂದೇನಿಲ್ಲ.

ಹಂತ 2: ವೀಸಾಕ್ಕೆ ತೋರಿಸುವ ಹಣ ಬೇರೆ, ಖರ್ಚು ಬೇರೆ

ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಮೊತ್ತ ಇದು. ತಿಂಗಳಿಗೆ 992ರಂತೆ 12 ತಿಂಗಳಿಗೆ ಹಾಕಿದ್ದಾರೆ. ಇದು ಯಾರಿಗೂ ಕಟ್ಟುವ ಶುಲ್ಕವಲ್ಲ. ನಿಮ್ಮದೇ ಹಣ, ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ನಿಮ್ಮ ಖಾತೆಗೇ ಬರುತ್ತದೆ, ಅದರಲ್ಲೇ ಬಾಡಿಗೆ ಕಟ್ಟಿ ಊಟ ಮಾಡುತ್ತೀರಿ. ಆದರೂ ಎಷ್ಟೋ ಮನೆಗಳ ಲೆಕ್ಕದ ಹಾಳೆಯಲ್ಲಿ ‘ಬ್ಲಾಕ್ಡ್ ಅಕೌಂಟ್’ ಒಂದು ಸಾಲು, ‘ಜೀವನ ವೆಚ್ಚ’ ಇನ್ನೊಂದು ಸಾಲು. ಅಷ್ಟಕ್ಕೇ 12 ಲಕ್ಷ ರೂಪಾಯಿಗಿಂತ ಹೆಚ್ಚು ಸುಮ್ಮನೆ ಏರಿಬಿಡುತ್ತದೆ. ಕೆನಡಾದ ವೀಸಾಕ್ಕೆ ಇಡುವ ಜಿಐಸಿ ಎಂಬ ಠೇವಣಿಯೂ ಇದೇ ಜಾತಿಯದು.

ಬ್ರಿಟನ್‌ನ ತಪ್ಪು ಇದಕ್ಕೆ ತದ್ವಿರುದ್ಧ. ಅಲ್ಲಿ ವೀಸಾಕ್ಕೆ ತೋರಿಸಬೇಕಾದ ಜೀವನ ವೆಚ್ಚ 2025ರ ನವೆಂಬರ್‌ನಿಂದ ಲಂಡನ್ ಹೊರಗೆ ತಿಂಗಳಿಗೆ 1,171 ಪೌಂಡ್, ಲಂಡನ್‌ನಲ್ಲಿ 1,529 ಪೌಂಡ್. ಆದರೆ ತೋರಿಸಬೇಕಾದದ್ದು ಹೆಚ್ಚೆಂದರೆ ಒಂಬತ್ತು ತಿಂಗಳಿಗೆ ಮಾತ್ರ, ಅಂದರೆ 10,539 ಪೌಂಡ್. ಕೋರ್ಸ್ ಇರುವುದು 12 ತಿಂಗಳು. ಏಜೆಂಟರು ಕೊಡುವ ಅಂದಾಜು ಪಟ್ಟಿಯಲ್ಲಿ ಈ 10,539ನ್ನೇ ‘ವರ್ಷದ ಜೀವನ ವೆಚ್ಚ’ ಎಂದು ಬರೆದಿದ್ದರೆ ಮೂರು ತಿಂಗಳ ಊಟ-ಬಾಡಿಗೆ ಮಾಯವಾಗಿದೆ ಎಂದೇ ಅರ್ಥ. ಜರ್ಮನಿಯ 12 ತಿಂಗಳಿನ ಸಂಖ್ಯೆಯ ಪಕ್ಕ ಬ್ರಿಟನ್‌ನ ಒಂಬತ್ತು ತಿಂಗಳಿನ ಸಂಖ್ಯೆ ಇಟ್ಟು ಅಳೆದರೆ ಬ್ರಿಟನ್ ಇರುವುದಕ್ಕಿಂತ ಅಗ್ಗವಾಗಿಯೇ ಕಾಣುತ್ತದೆ.

ಆದ್ದರಿಂದ ಹಾಳೆಯಲ್ಲಿ ಎರಡು ಪ್ರತ್ಯೇಕ ಭಾಗ ಮಾಡಿ. ಒಂದರಲ್ಲಿ ಖರ್ಚು. ಇನ್ನೊಂದರಲ್ಲಿ ‘ತೋರಿಸಬೇಕಾದ ಅಥವಾ ಕಟ್ಟಿಡಬೇಕಾದ ಹಣ’. ಎರಡನೆಯ ಭಾಗದ ಯಾವ ಸಂಖ್ಯೆಯೂ ಖರ್ಚಿನ ಮೊತ್ತಕ್ಕೆ ಸೇರಬಾರದು. ಮನೆ ಬಾಡಿಗೆಯ ಅಡ್ವಾನ್ಸ್ ಕೂಡ ಇಲ್ಲಿಗೇ ಬರುತ್ತದೆ. ಜರ್ಮನಿಯಲ್ಲಿ ಅದು ಕಾನೂನಿನ ಪ್ರಕಾರ ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್‌ಮೀಟೆ. ಮನೆ ಬಿಡುವಾಗ ವಾಪಸ್ ಬರುವ ಹಣ ಅದು, ಆದರೆ ಮೊದಲ ವಾರದಲ್ಲೇ ಕೈಯಲ್ಲಿರಬೇಕು.

ಹಂತ 3: ಅಲ್ಲಿನ ಹಣದಲ್ಲಿ ವರ್ಷದ ಮೊತ್ತ

ಇಂಗ್ಲೆಂಡಿನ ಉದಾಹರಣೆಗೆ ಫೀಸು 24,000 ಪೌಂಡ್ ಎಂದು ಹಿಡಿಯೋಣ. ನಿಮ್ಮ ಆಫರ್ ಲೆಟರ್‌ನಲ್ಲಿರುವ ಸಂಖ್ಯೆಯನ್ನು ಇದರ ಜಾಗದಲ್ಲಿ ಹಾಕಿಕೊಳ್ಳಿ. ಬಾಡಿಗೆ 8,670. ಊಟ, ಬಸ್ಸು, ಫೋನ್, ಬಟ್ಟೆ ಎಲ್ಲ ಸೇರಿ ತಿಂಗಳಿಗೆ 400ರಂತೆ ವರ್ಷಕ್ಕೆ 4,800. ವೀಸಾ ಶುಲ್ಕಕ್ಕೆ 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದ್ದ 524 ಪೌಂಡ್ ಹಿಡಿಯೋಣ.

ಇನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ಕಟ್ಟುವ ಇಮಿಗ್ರೇಶನ್ ಹೆಲ್ತ್ ಸರ್‌ಚಾರ್ಜ್. ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ಆದರೆ ಒಂದು ವರ್ಷದ ಕೋರ್ಸ್‌ಗೂ ಕಟ್ಟಬೇಕಾದದ್ದು 1,164. ಕಾರಣ ಇಷ್ಟೇ: 12 ತಿಂಗಳ ಕೋರ್ಸ್‌ಗೆ ವೀಸಾ ಕೊಡುವಾಗ ಕೋರ್ಸ್ ಮುಗಿದ ಮೇಲೆ ನಾಲ್ಕು ತಿಂಗಳು ಹೆಚ್ಚಿಗೆ ಕೊಡುತ್ತಾರೆ. ವರ್ಷದ ಮೇಲಿನ ಆ ತುಂಡು ಅವಧಿಗೆ ಅರ್ಧ ವರ್ಷದ ಸರ್‌ಚಾರ್ಜ್, ಅಂದರೆ 388 ಪೌಂಡ್, ಸೇರುತ್ತದೆ. ವೀಸಾ ಅರ್ಜಿ ಹಾಕುವಾಗಲೇ ಪೂರ್ತಿ ಕಟ್ಟಬೇಕು.

ಒಟ್ಟು: 24,000 + 8,670 + 4,800 + 524 + 1,164 = 39,158 ಪೌಂಡ್.

ಜರ್ಮನಿಗೆ ಬನ್ನಿ. ‘ಜರ್ಮನಿಯಲ್ಲಿ ಫೀಸಿಲ್ಲ’ ಎಂಬ ಮಾತು ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ನಿಜ, ಎಲ್ಲಕ್ಕೂ ಅಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬರ್ಗ್ ಇರುವ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ ಯುರೋಪಿಯನ್ ಯೂನಿಯನ್ ಹೊರಗಿನ ವಿದ್ಯಾರ್ಥಿಗಳಿಂದ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024-25ರ ಚಳಿಗಾಲದ ಸೆಮಿಸ್ಟರ್‌ನಿಂದ ಶುರುಮಾಡಿದೆ, ಅಲ್ಲಿ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ದೇಶದ ಹೆಸರು ನೋಡಿ ಫೀಸು ಬರೆದುಕೊಳ್ಳಬೇಡಿ, ವಿಶ್ವವಿದ್ಯಾಲಯದ ಹೆಸರು ನೋಡಿ ಬರೆದುಕೊಳ್ಳಿ.

ಎರಡು ಸೆಮಿಸ್ಟರ್‌ಗೆ ಫೀಸು 3,000 ಯೂರೋ. ಇದಲ್ಲದೆ ಪ್ರತಿ ಸೆಮಿಸ್ಟರ್‌ಗೆ ವಿದ್ಯಾರ್ಥಿ ಸಂಘ, ಆಡಳಿತ ಇತ್ಯಾದಿಗೆಂದು ಸೆಮಿಸ್ಟರ್ ಶುಲ್ಕ ಇರುತ್ತದೆ. ಅದಕ್ಕೆ 200ರಂತೆ 400 ಹಿಡಿಯೋಣ. ತಿಂಗಳ ಖರ್ಚು: ವಾರ್ಮ್‌ಮೀಟೆ 480, ಊಟ 250, ಆರೋಗ್ಯ ವಿಮೆ 145, ಬಸ್-ರೈಲು ಮತ್ತು ಫೋನ್ 60, ಉಳಿದದ್ದು 115. ಒಟ್ಟು 1,050, ವರ್ಷಕ್ಕೆ 12,600. ವೀಸಾ ಶುಲ್ಕ 75, ಅಲ್ಲಿ ಹೋದ ಮೇಲೆ ರೆಸಿಡೆನ್ಸ್ ಪರ್ಮಿಟ್‌ಗೆ ಸುಮಾರು 100.

ಒಟ್ಟು: 3,000 + 400 + 12,600 + 175 = 16,175 ಯೂರೋ.

ವಿಮೆಯ ವಿಷಯದಲ್ಲಿ ಒಂದು ಎಚ್ಚರ. ವಿದ್ಯಾರ್ಥಿಗಳ ಕಡಿಮೆ ದರದ ಸಾರ್ವಜನಿಕ ವಿಮೆ 30 ವರ್ಷ ತುಂಬುವವರೆಗೆ ಮಾತ್ರ. ನಾಲ್ಕೈದು ವರ್ಷ ಕೆಲಸ ಮಾಡಿ 29ಕ್ಕೆ ಹೊರಡುವವರು ಕೋರ್ಸ್‌ನ ನಡುವೆಯೇ ಆ ಗಡಿ ದಾಟುತ್ತಾರೆ. ಅವರು ವಿಮೆಯ ಸಾಲಿನಲ್ಲಿ 145ರ ಬದಲು ಹೆಚ್ಚಿನ ಮೊತ್ತ ಹಾಕಿಕೊಳ್ಳಬೇಕು.

ಹಂತ 4: ನಿಮಗೆ ನಿಜವಾಗಿ ಬೀಳುವ ದರ

ಗೂಗಲ್‌ನಲ್ಲಿ ಕಾಣುವುದು ಮಾರುಕಟ್ಟೆಯ ನಡುದರ, ಅಂದರೆ ಕೊಳ್ಳುವ ದರ ಮತ್ತು ಮಾರುವ ದರದ ನಡುವಿನದು. ಆ ದರಕ್ಕೆ ನಿಮಗೆ ಯಾರೂ ಪೌಂಡ್ ಕೊಡುವುದಿಲ್ಲ. ಬ್ಯಾಂಕ್ ಹಣ ಹೊರಗೆ ಕಳಿಸುವಾಗ ಹಾಕುವುದು ಟಿಟಿ ಸೆಲ್ಲಿಂಗ್ ರೇಟ್. ಎರಡರ ನಡುವಿನ ಅಂತರ ಬ್ಯಾಂಕಿನ ಲಾಭ, ಅದನ್ನು ಮಾರ್ಜಿನ್ ಎನ್ನುತ್ತಾರೆ. ಅಳೆಯುವುದು ಸುಲಭ: ಬೆಳಿಗ್ಗೆ ಮಾರುಕಟ್ಟೆ ತೆರೆದ ಮೇಲೆ ಬ್ಯಾಂಕಿಗೆ ಫೋನ್ ಮಾಡಿ ಆ ಹೊತ್ತಿನ ಟಿಟಿ ಸೆಲ್ಲಿಂಗ್ ರೇಟ್ ಕೇಳಿ. ಅದೇ ನಿಮಿಷದಲ್ಲಿ ನಡುದರ ನೋಡಿ. ವ್ಯತ್ಯಾಸವನ್ನು ನಡುದರದಿಂದ ಭಾಗಿಸಿ.

ಲೆಕ್ಕ ಸಲೀಸಾಗಲಿ ಎಂದು ಪೌಂಡಿಗೆ ₹120, ಯೂರೋಗೆ ₹105 ನಡುದರ ಎಂದು ಹಿಡಿದು, ಮಾರ್ಜಿನ್ 1.5% ಎಂದುಕೊಳ್ಳೋಣ. ಆಗ ಪೌಂಡ್ ನಿಮಗೆ ಬೀಳುವುದು ₹121.80ಕ್ಕೆ, ಯೂರೋ ₹106.575ಕ್ಕೆ. 24,000 ಪೌಂಡ್ ಫೀಸಿನ ಮೇಲೆ ಈ ಒಂದೂಮುಕ್ಕಾಲು ರೂಪಾಯಿ ಚಿಲ್ಲರೆಯ ವ್ಯತ್ಯಾಸವೇ ₹43,200 ಆಗುತ್ತದೆ. ಬ್ಯಾಂಕಿನವರು ‘ಕಳಿಸುವ ಚಾರ್ಜ್ ಬರೀ ಸಾವಿರ ರೂಪಾಯಿ’ ಎಂದಾಗ ಸಮಾಧಾನ ಪಡಬೇಡಿ, ದುಡ್ಡು ಹೋಗುವುದು ದರದಲ್ಲಿ.

‘18% ಜಿಎಸ್‌ಟಿ ಬೀಳುತ್ತದಂತೆ’ ಎಂದು ಗಾಬರಿಯಾಗುವವರೂ ಇದ್ದಾರೆ. ಆ 18% ಇಡೀ ಮೊತ್ತದ ಮೇಲಲ್ಲ. ಹಣ ಬದಲಾಯಿಸುವ ಸೇವೆಗೆ ನಿಯಮ ಒಂದು ಮೌಲ್ಯ ನಿಗದಿ ಮಾಡಿದೆ: ಮೊತ್ತ 10 ಲಕ್ಷ ದಾಟಿದರೆ ₹5,500, ಜೊತೆಗೆ 10 ಲಕ್ಷದ ಮೇಲಿನದಕ್ಕೆ 0.1%. ತೆರಿಗೆ ಬೀಳುವುದು ಆ ಮೌಲ್ಯದ ಮೇಲೆ. 24,000 ಪೌಂಡಿಗೆ ₹29,23,200 ಆದರೆ ಮೌಲ್ಯ ಸುಮಾರು ₹7,423, ಅದರ 18% ಎಂದರೆ ₹1,336. ಮಾರ್ಜಿನ್‌ನ ₹43,200ರ ಮುಂದೆ ಇದು ಏನೂ ಅಲ್ಲ. ಚೌಕಾಸಿ ಮಾಡುವುದಿದ್ದರೆ ದರದ ಮೇಲೆ ಮಾಡಿ. ದೊಡ್ಡ ಮೊತ್ತಕ್ಕೆ ಬೋರ್ಡಿನ ಮೇಲಿನ ಕಾರ್ಡ್ ರೇಟ್ ಬಿಟ್ಟು ಬೇರೆ ದರ ಕೊಡುತ್ತೀರಾ ಎಂದು ಕೇಳಿದರೆ ಎಷ್ಟೋ ಸಲ ಕೊಡುತ್ತಾರೆ.

ಸಣ್ಣ ಊರಿನ ಶಾಖೆಗಳಲ್ಲಿ ಇನ್ನೊಂದು ತೊಂದರೆ ಉಂಟು. ಎಲ್ಲ ಶಾಖೆಗಳೂ ವಿದೇಶಿ ವಿನಿಮಯದ ಕೆಲಸ ಮಾಡುವುದಿಲ್ಲ. ನಿಮ್ಮ ಅರ್ಜಿ ದೊಡ್ಡ ಊರಿನ ಶಾಖೆಗೆ ಹೋಗಿ, ಅಲ್ಲಿ ಬುಕ್ ಆದ ಹೊತ್ತಿನ ದರ ನಿಮಗೆ ಬೀಳುತ್ತದೆ. ನೀವು ಕೌಂಟರ್‌ನಲ್ಲಿ ಕೇಳಿದ ದರವೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ‘ದರ ಯಾವಾಗ ಬುಕ್ ಆಗುತ್ತದೆ’ ಎಂದು ಸಹಿ ಹಾಕುವ ಮೊದಲೇ ಕೇಳಿ.

ಅದೇ ಫಾರ್ಮಿನಲ್ಲಿ ಚಾರ್ಜ್ ಯಾರದು ಎಂಬ ಆಯ್ಕೆ ಇರುತ್ತದೆ. `SHA` ಎಂದು ಟಿಕ್ ಮಾಡಿದರೆ ನಡುವಿನ ಬ್ಯಾಂಕುಗಳು ದಾರಿಯಲ್ಲೇ ಒಂದಿಷ್ಟು ಕಡಿದುಕೊಳ್ಳಬಹುದು. ವಿಶ್ವವಿದ್ಯಾಲಯಕ್ಕೆ 24,000ದ ಬದಲು ಹತ್ತಿಪ್ಪತ್ತು ಪೌಂಡ್ ಕಡಿಮೆ ಮುಟ್ಟಿ, ನಿಮ್ಮ ಖಾತೆಯಲ್ಲಿ ‘ಬಾಕಿ’ ಎಂದು ಉಳಿಯುತ್ತದೆ. ಫೀಸಿಗೆ ಎಲ್ಲ ಚಾರ್ಜನ್ನೂ ನೀವೇ ಕೊಡುವ `OUR` ಆಯ್ಕೆ ಮಾಡಿ, ಪರ್ಪಸ್ ಕೋಡ್ `S0305` ಎಂದು ಬಂದಿದೆಯೇ ನೋಡಿ. ವಿದೇಶಿ ಶಿಕ್ಷಣಕ್ಕೆ ಇರುವ ಕೋಡ್ ಅದು. ಬೇರೆ ಕೋಡ್ ಬಿದ್ದರೆ ಮುಂದೆ ಹೇಳುವ ಟಿಸಿಎಸ್ ಎಂಬ ಮುಂಗಡ ತೆರಿಗೆ ಶಿಕ್ಷಣದ ದರದ ಬದಲು ಹೆಚ್ಚಿನ ದರದಲ್ಲಿ ಕಡಿತವಾಗಬಹುದು.

ಗೂಗಲ್ ಶೀಟ್ಸ್‌ನಲ್ಲಿ ಮಾಡುವವರಿಗೆ, ಇವತ್ತಿನ ದರ ಮತ್ತು ಕಳೆದ ಒಂದು ವರ್ಷದ ಸರಾಸರಿ ತಾನಾಗೇ ಬರಲು:

```
=GOOGLEFINANCE("CURRENCY:GBPINR")
=AVERAGE(INDEX(GOOGLEFINANCE("CURRENCY:GBPINR","price",TODAY()-365,TODAY(),"DAILY"),0,2))
```

ಎರಡರ ನಡುವೆ ತುಂಬ ಅಂತರ ಕಂಡರೆ ದರ ಇತ್ತೀಚೆಗೆ ಜಿಗಿದಿದೆ ಎಂದರ್ಥ. ಹೋಲಿಕೆಗೆ ಎರಡು ದೇಶಗಳಿಗೂ ಒಂದೇ ದಿನದ ದರ ಬಳಸಿ. ಪೌಂಡಿಗೆ ಈ ವಾರದ್ದು, ಯೂರೋಗೆ ಆರು ತಿಂಗಳ ಹಿಂದೆ ಎಲ್ಲೋ ಓದಿದ್ದು ಎಂದಾದರೆ ಲೆಕ್ಕ ಮಾಡಿಯೂ ಪ್ರಯೋಜನವಿಲ್ಲ.

ಹಂತ 5: ರೂಪಾಯಿಯಲ್ಲೇ ಆಗುವ ಒಂದು ಸಲದ ಖರ್ಚು

ವಿಮಾನದ ಟಿಕೆಟ್, ಇಂಗ್ಲಿಷ್ ಪರೀಕ್ಷೆ, ಅರ್ಜಿ ಶುಲ್ಕ, ದಾಖಲೆಗಳ ಪ್ರತಿ, ಚಳಿ ಬಟ್ಟೆ ಇವು ಮೊದಲ ವರ್ಷಕ್ಕೆ ಮಾತ್ರ. ಬ್ರಿಟನ್ ವೀಸಾಕ್ಕೆ ಭಾರತೀಯರು ಕ್ಷಯ ಪರೀಕ್ಷೆ ಮಾಡಿಸಬೇಕು. ಜರ್ಮನಿಗೆ ನಿಮ್ಮ ಅಂಕಪಟ್ಟಿ, ಪದವಿ ದಾಖಲೆಗಳು ಅಸಲಿ ಎಂದು ಖಚಿತಪಡಿಸುವ ಎಪಿಎಸ್ ಪ್ರಮಾಣಪತ್ರ ಬೇಕು, ಅದಕ್ಕೆ ₹18,000. ಬ್ರಿಟನ್‌ಗೆ ಒಟ್ಟು ₹1,40,000, ಜರ್ಮನಿಗೆ ₹1,60,000 ಎಂದು ಹಿಡಿಯೋಣ.

ಈಗ ಗುಣಿಸಬಹುದು.

ಬ್ರಿಟನ್: 39,158 × 121.80 = ₹47,69,444. ಒಂದು ಸಲದ ಖರ್ಚು ಸೇರಿ ₹49,09,444.

ಜರ್ಮನಿ, ಮೊದಲ ವರ್ಷ: 16,175 × 106.575 = ₹17,23,851. ಒಂದು ಸಲದ ಖರ್ಚು ಸೇರಿ ₹18,83,851.

ಇಲ್ಲಿಗೇ ನಿಲ್ಲಿಸಿದರೆ ವರ್ಷಕ್ಕೆ 49 ಲಕ್ಷ ಒಂದು ಕಡೆ, 19 ಲಕ್ಷ ಇನ್ನೊಂದು ಕಡೆ. ತೀರ್ಪು ಆಗಿಹೋಯಿತು ಅನಿಸುತ್ತದೆ. ಆದರೆ ಬ್ರಿಟನ್‌ನ ಪದವಿ ಆ ಒಂದು ವರ್ಷಕ್ಕೇ ಮುಗಿಯಿತು, ಜರ್ಮನಿಯದು ಅರ್ಧಕ್ಕೆ ಬಂದಿದೆ.

ಹಂತ 6: ಎರಡನೇ ವರ್ಷವನ್ನು ಇವತ್ತಿನ ದರದಲ್ಲಿ ಲೆಕ್ಕ ಹಾಕಬೇಡಿ

ಡಾಲರ್ 2014ರಲ್ಲಿ 60 ರೂಪಾಯಿಯ ಆಸುಪಾಸಿನಲ್ಲಿತ್ತು, 2024ರಲ್ಲಿ 84ರ ಹತ್ತಿರ. ವರ್ಷಕ್ಕೆ ಸರಾಸರಿ ಮೂರೂವರೆ ಶೇಕಡದಷ್ಟು ಏರಿಕೆ. ಆದರೆ ಈ ಏರಿಕೆ ಮೆಟ್ಟಿಲಿನಂತೆ ಸಮವಾಗಿ ಆಗುವುದಿಲ್ಲ. ಯೂರೋವನ್ನೇ ನೋಡಿ: 2022ರ ಸೆಪ್ಟೆಂಬರ್‌ನಲ್ಲಿ 80 ರೂಪಾಯಿಯ ಸುತ್ತ ಇದ್ದದ್ದು 2025ರಲ್ಲಿ 100 ದಾಟಿತು. 2022ರಲ್ಲಿ ಹೊರಟವರು ‘ಯೂರೋ ಅಗ್ಗವಾಗಿದೆ’ ಎಂದು ಎರಡೂವರೆ ವರ್ಷಕ್ಕೆ ಅದೇ ದರ ಹಿಡಿದಿದ್ದರೆ ಕೊನೆಯ ಸೆಮಿಸ್ಟರ್‌ಗಳಲ್ಲಿ ಮನೆಯವರಿಗೆ ಕಷ್ಟವಾಗಿರುತ್ತದೆ.

ನಮ್ಮ ಶಿಫಾರಸು: ದರ ವರ್ಷಕ್ಕೆ 4% ಏರುತ್ತದೆ, ಅಲ್ಲಿನ ಜೀವನ ವೆಚ್ಚ 3% ಏರುತ್ತದೆ ಎಂದು ಹಾಕಿಕೊಳ್ಳಿ. ಆಗ ಎರಡನೇ ವರ್ಷ ಯೂರೋದ ನಡುದರ 109.20, ಮಾರ್ಜಿನ್ ಸೇರಿ 110.838. ಜೀವನ ವೆಚ್ಚ 12,978, ಫೀಸು ಮತ್ತು ಸೆಮಿಸ್ಟರ್ ಶುಲ್ಕ 3,400, ಒಟ್ಟು 16,378 ಯೂರೋ. ರೂಪಾಯಿಯಲ್ಲಿ ₹18,15,305. ಅಂದರೆ ಟಿಕೆಟ್, ವೀಸಾ, ಎಪಿಎಸ್ ಯಾವುದೂ ಇಲ್ಲದೆಯೂ ಎರಡನೇ ವರ್ಷ ಮೊದಲ ವರ್ಷದ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಜರ್ಮನಿಯಲ್ಲಿ ನಾಲ್ಕು ಸೆಮಿಸ್ಟರ್‌ನ ಮಾಸ್ಟರ್ಸ್ ಐದನೆಯದಕ್ಕೆ ಎಳೆಯುವುದು ತೀರಾ ಸಾಮಾನ್ಯ. ಥೀಸಿಸ್ ಕಂಪನಿಯಲ್ಲಿ ಮಾಡಿದರೆ, ಒಂದು ಪರೀಕ್ಷೆ ಮುಂದಕ್ಕೆ ಹೋದರೆ ಅಷ್ಟೇ ಸಾಕು. ಆ ಆರು ತಿಂಗಳಿಗೆ 1,700 ಯೂರೋ ಶುಲ್ಕ, 6,684 ಯೂರೋ ಜೀವನ ವೆಚ್ಚ. ಮೂರನೇ ವರ್ಷದ ದರ 115.27 ಹಿಡಿದರೆ ಸುಮಾರು ₹9,66,000 ಆಗುತ್ತದೆ. ಈ ಸಾಲನ್ನು ಹಾಳೆಯಲ್ಲಿ ಮೊದಲೇ ಬರೆದಿಡಿ.

| | ಮೊದಲ ವರ್ಷ | ವರ್ಷದ ಸರಾಸರಿ | ಪೂರ್ತಿ ಪದವಿ |
|---|---|---|---|
| ಇಂಗ್ಲೆಂಡ್, 1 ವರ್ಷ | ₹49.1 ಲಕ್ಷ | ₹49.1 ಲಕ್ಷ | ₹49.1 ಲಕ್ಷ |
| ಜರ್ಮನಿ, 4 ಸೆಮಿಸ್ಟರ್ | ₹18.8 ಲಕ್ಷ | ₹18.5 ಲಕ್ಷ | ₹37.0 ಲಕ್ಷ |
| ಜರ್ಮನಿ, 5 ಸೆಮಿಸ್ಟರ್ | ₹18.8 ಲಕ್ಷ | ₹18.7 ಲಕ್ಷ | ₹46.7 ಲಕ್ಷ |

ವರ್ಷದ ಲೆಕ್ಕದಲ್ಲಿ ಇದ್ದ 30 ಲಕ್ಷದ ಅಂತರ ಪದವಿಯ ಲೆಕ್ಕದಲ್ಲಿ 12 ಲಕ್ಷಕ್ಕೆ ಇಳಿಯಿತು. ಐದನೇ ಸೆಮಿಸ್ಟರ್ ಬಂದರೆ ಎರಡೂವರೆ ಲಕ್ಷಕ್ಕೆ. ಫೀಸಿಲ್ಲದ ಬೇರೆ ರಾಜ್ಯದ ವಿಶ್ವವಿದ್ಯಾಲಯವಾದರೆ ಜರ್ಮನಿಯ ಸಾಲಿನಿಂದ ವರ್ಷಕ್ಕೆ ಮೂರು ಲಕ್ಷಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ವಾರ್ಷಿಕ ಸಂಖ್ಯೆ ಸುಳ್ಳೆಂದಲ್ಲ. ಪ್ರತಿ ವರ್ಷ ಎಷ್ಟು ಹೊಂದಿಸಬೇಕು ಎಂಬುದಕ್ಕೆ ಅದೇ ಬೇಕು. ಯಾವ ಪದವಿ ಅಗ್ಗ ಎಂದು ಕೇಳಿದರೆ ಮಾತ್ರ ಕೊನೆಯ ಕಾಲಂ ನೋಡಬೇಕು.

ದರದ ಅಪಾಯವೂ ಎರಡು ಕಡೆ ಒಂದೇ ಅಲ್ಲ. ಬ್ರಿಟನ್‌ನಲ್ಲಿ ಹೆಚ್ಚಿನ ಹಣ ಮೊದಲ ಕೆಲವು ತಿಂಗಳಲ್ಲೇ ಹೋಗಿಬಿಡುತ್ತದೆ. ಆಫರ್ ಬಂದ ದಿನದಿಂದ ಫೀಸು ಕಟ್ಟುವ ದಿನದೊಳಗೆ ಪೌಂಡ್ 5% ಏರಿದರೆ ಸುಮಾರು 2.4 ಲಕ್ಷ ಹೆಚ್ಚು ಬೀಳುತ್ತದೆ, ಆಮೇಲೆ ಏನಾದರೂ ತಲೆ ಕೆಡಿಸಿಕೊಳ್ಳುವಂಥದ್ದು ಕಡಿಮೆ. ಜರ್ಮನಿಯಲ್ಲಿ ಮೊದಲ ವರ್ಷದ ಬಹುಪಾಲು ಬ್ಲಾಕ್ಡ್ ಅಕೌಂಟ್ ಮೂಲಕ ಹೊರಡುವ ಮೊದಲೇ ಯೂರೋ ಆಗಿರುತ್ತದೆ, ಎರಡನೇ ವರ್ಷದ್ದು ಮಾತ್ರ ದರದ ಕೈಯಲ್ಲಿರುತ್ತದೆ.

ಹಂತ 7: ಟಿಸಿಎಸ್ ಮತ್ತು ಸಾಲದ ಬಡ್ಡಿ

ಟಿಸಿಎಸ್ ಖರ್ಚಲ್ಲ, ಮುಂಗಡವಾಗಿ ಕಡಿದುಕೊಳ್ಳುವ ತೆರಿಗೆ. ಅದನ್ನು ವರ್ಷದ ಖರ್ಚಿಗೆ ಸೇರಿಸಬೇಡಿ, ‘ಕೈಯಲ್ಲಿರಬೇಕಾದ ಹಣ’ದ ಭಾಗಕ್ಕೆ ಸೇರಿಸಿ. 2025-26ರ ಹಣಕಾಸು ವರ್ಷದ ನಿಯಮದಂತೆ ಸ್ವಂತ ಹಣದಿಂದ ಶಿಕ್ಷಣಕ್ಕೆ ಕಳಿಸಿದರೆ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ ಇರಲಿಲ್ಲ, ಅದರ ಮೇಲಿನದಕ್ಕೆ 5% ಇತ್ತು. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದ ಹಣಕ್ಕೆ ಟಿಸಿಎಸ್ ಇಲ್ಲವೇ ಇಲ್ಲ. ಬಜೆಟ್‌ಗಳಲ್ಲಿ ಈ ದರ ಬದಲಾಗುತ್ತಿರುತ್ತದೆ, ಕಳಿಸುವ ಮೊದಲು ಆ ವರ್ಷದ ದರವನ್ನು ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ನಮ್ಮ ಬ್ರಿಟನ್ ಲೆಕ್ಕದ 47.7 ಲಕ್ಷವನ್ನೂ ಒಬ್ಬರೇ ಒಂದೇ ವರ್ಷದಲ್ಲಿ ಸ್ವಂತ ಹಣದಿಂದ ಕಳಿಸಿದರೆ, 2025-26ರ ಆ ದರದಲ್ಲಿ 37.7 ಲಕ್ಷದ 5%, ಅಂದರೆ ಸುಮಾರು ₹1.88 ಲಕ್ಷ ಮೊದಲೇ ಕಡಿತವಾಗುತ್ತದೆ. ರಿಟರ್ನ್ ಸಲ್ಲಿಸುವಾಗ ಕಟ್ಟಬೇಕಾದ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಿದ್ದರೆ ವಾಪಸ್ ಬರುತ್ತದೆ, ಆದರೆ ಅಷ್ಟು ತಿಂಗಳು ಆ ಹಣ ನಿಮ್ಮ ಕೈಗಿಲ್ಲ. 10 ಲಕ್ಷದ ಮಿತಿ ಕಳಿಸುವವರ ಪ್ಯಾನ್‌ಗೆ ಲೆಕ್ಕ. ಅಪ್ಪ ಮತ್ತು ಅಮ್ಮ ತಮ್ಮ ತಮ್ಮ ಹಣದಿಂದ ಬೇರೆ ಬೇರೆ ಕಳಿಸಿದರೆ ಇಬ್ಬರಿಗೂ ಪ್ರತ್ಯೇಕ ಮಿತಿ ಇರುತ್ತದೆ. ಡಿಪಾಸಿಟ್ ಮಾರ್ಚ್‌ನಲ್ಲಿ, ಉಳಿದ ಫೀಸು ಏಪ್ರಿಲ್ ನಂತರ ಎಂದಾದರೆ ಎರಡು ಹಣಕಾಸು ವರ್ಷಗಳ ಮಿತಿ ಸಿಗುತ್ತದೆ.

ಸಾಲದ ಬಡ್ಡಿ ಮಾತ್ರ ನಿಜವಾದ ಖರ್ಚು. ಬ್ಯಾಂಕ್ ಕಂತುಕಂತಾಗಿ ಬಿಡುಗಡೆ ಮಾಡಿದ ಹಣಕ್ಕಷ್ಟೇ, ಬಿಡುಗಡೆಯಾದ ದಿನದಿಂದ ಬಡ್ಡಿ ಓಡುತ್ತದೆ. 20 ಲಕ್ಷಕ್ಕೆ 10% ಎಂದರೆ ವರ್ಷಕ್ಕೆ ಎರಡು ಲಕ್ಷ. ಓದುವ ಅವಧಿಯಲ್ಲಿ ಕಟ್ಟದೆ ಬಿಟ್ಟರೂ ಅದು ಸೇರುತ್ತಲೇ ಹೋಗುತ್ತದೆ. ಎರಡೂವರೆ ವರ್ಷದ ಕೋರ್ಸ್‌ನ ಮೊದಲ ಕಂತಿಗೆ ಒಂದು ವರ್ಷದ ಕೋರ್ಸ್‌ಗಿಂತ ಹೆಚ್ಚು ಕಾಲ ಬಡ್ಡಿ ಬೀಳುತ್ತದೆ ಎಂಬುದನ್ನು ಪದವಿಯ ಕಾಲಂನಲ್ಲಿ ಪ್ರತ್ಯೇಕ ಸಾಲಾಗಿ ಬರೆಯಿರಿ.

ಹಂತ 8: ಹೊರಡುವ ಮೊದಲು ಒಟ್ಟಿಗೇ ಬೇಕಾದ ಹಣ

ಜರ್ಮನಿ ವರ್ಷಕ್ಕೆ 18.8 ಲಕ್ಷ ಎಂದಾಗ ತಿಂಗಳಿಗೆ ಒಂದೂವರೆ ಲಕ್ಷದಂತೆ ಹೊಂದಿಸಬಹುದು ಎಂದುಕೊಳ್ಳುವುದು ಸಹಜ. ಹಾಗೆ ಆಗುವುದಿಲ್ಲ. ಬ್ಲಾಕ್ಡ್ ಅಕೌಂಟ್ 11,904, ಮೊದಲ ಸೆಮಿಸ್ಟರ್‌ನ 1,700, ವೀಸಾ ಮತ್ತು ಪರ್ಮಿಟ್ 175, 380 ಯೂರೋ ಕಾಲ್ಟ್‌ಮೀಟೆಯ ಮೇಲೆ ಅಡ್ವಾನ್ಸ್ 1,140. ಒಟ್ಟು 14,919 ಯೂರೋ, ಅಂದರೆ ₹15.9 ಲಕ್ಷ. ಟಿಕೆಟ್ ಮುಂತಾದ ₹1.6 ಲಕ್ಷ ಸೇರಿದರೆ 17.5 ಲಕ್ಷ ಮೊದಲೇ ಬೇಕು. ಬ್ಲಾಕ್ಡ್ ಅಕೌಂಟ್‌ನ ಹಣವೂ ಇಳಿದ ದಿನವೇ ಕೈಗೆ ಬರುವುದಿಲ್ಲ. ಅಲ್ಲಿನ ಬ್ಯಾಂಕ್ ಖಾತೆ ತೆರೆದು ಅದನ್ನು ಚಾಲೂ ಮಾಡಿಸಿಕೊಂಡ ಮೇಲೆಯೇ 992 ಬರಲು ಶುರು. ಅಡ್ವಾನ್ಸ್ ಮತ್ತು ಮೊದಲ ತಿಂಗಳ ಬಾಡಿಗೆಗೆ ಬೇರೆ ಹಣ ಇಟ್ಟುಕೊಂಡೇ ಹೋಗಬೇಕು. ಆ ಹಣವನ್ನು ಮಾಮೂಲಿ ಡೆಬಿಟ್ ಕಾರ್ಡಿನಿಂದ ತೆಗೆಯುವುದಾದರೆ ಕೆಲವು ಕಾರ್ಡ್‌ಗಳಲ್ಲಿ 3.5%ವರೆಗೆ ಮಾರ್ಕಪ್ ಬೀಳುತ್ತದೆ. ಎಟಿಎಂ ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಎಂದು ಕೇಳಿದರೆ ಬೇಡ ಎಂದೇ ಒತ್ತಿ, ಯೂರೋದಲ್ಲೇ ತೆಗೆಯಿರಿ.

ಅಲ್ಲಿ ದುಡಿದು ತುಂಬಿಸಿಕೊಳ್ಳಬಹುದು ಎಂಬ ಸಾಲನ್ನು ಮೊದಲ ವರ್ಷದ ಲೆಕ್ಕಕ್ಕೆ ಹಾಕಬೇಡಿ. ಅವಕಾಶವಿದೆ: ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ, ಬ್ರಿಟನ್‌ನಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ. ಆದರೆ ಕೆಲಸ ಸಿಗುವ ತಿಂಗಳು ನಿಮ್ಮ ಕೈಯಲ್ಲಿಲ್ಲ, ಜರ್ಮನಿಯಲ್ಲಿ ಭಾಷೆ ಬರದಿದ್ದರೆ ಇನ್ನೂ ತಡ. ಮೊತ್ತದ ಕೆಳಗೆ ಗೆರೆ ಎಳೆದು, ಅದರ ಕೆಳಗೆ ಬರೆದುಕೊಳ್ಳಿ.

ಡಿಪಾಸಿಟ್ ಕಟ್ಟುವ ಹಿಂದಿನ ದಿನ ಹಾಳೆಯ ದರದ ಕೋಶವನ್ನು ಆ ದಿನದ ಟಿಟಿ ಸೆಲ್ಲಿಂಗ್ ರೇಟ್‌ಗೆ ತಿದ್ದಿ, ಮೊತ್ತ ಇನ್ನೂ ನಿಮ್ಮ ಮಿತಿಯೊಳಗಿದೆಯೇ ನೋಡಿ. ಏಕೆಂದರೆ ವೀಸಾ ಸಿಗದೆ ಡಿಪಾಸಿಟ್ ವಾಪಸ್ ಬಂದರೂ ಅದು ಪೌಂಡಿನಲ್ಲೇ ಬರುತ್ತದೆ. ಬ್ಯಾಂಕ್ ಅದನ್ನು ರೂಪಾಯಿ ಮಾಡುವುದು ಟಿಟಿ ಬೈಯಿಂಗ್ ರೇಟ್‌ನಲ್ಲಿ, ಅದು ನಡುದರಕ್ಕಿಂತ ಕೆಳಗಿರುತ್ತದೆ. 1.5% ಕೊಟ್ಟು ಕಳಿಸಿದ 5,000 ಪೌಂಡ್ ಅಷ್ಟೇ ಮಾರ್ಜಿನ್‌ನಲ್ಲಿ ಹಿಂದಿರುಗಿದರೆ, ದರ ಒಂದು ಪೈಸೆಯೂ ಬದಲಾಗದಿದ್ದರೂ ₹18,000 ಕಡಿಮೆ ಬಂದಿರುತ್ತದೆ.